ಅಜ್ಜಿಯ ಅಡ್ಡಿಕೆ ಯಾರದ್ದು?

ನಮ್ಮೂರ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕಿದೆ. ಅಜ್ಜಿ ತೀರಿಕೊಂಡ ವರ್ಷ ಅದನ್ನ ಕೆಳಗಿಳಿಸಿ ನೋಡಿದಾಗ ಎರಡು ಹಳೇ ಸೀರೆ, ಒಂದು ಕುಂಕುಮದ ಭರಣಿ, ಜೊತೆಗೆ ಬಟ್ಟೆಯಲ್ಲಿ ಸುತ್ತಿಟ್ಟ ಒಂದು ಮುಯ್ಯಿ ಪುಸ್ತಕ ಸಿಕ್ಕಿತು. ಮುಯ್ಯಿ ಪುಸ್ತಕ ಅಂದ್ರೆ ಗೊತ್ತಲ್ಲ, ಮದುವೆ ಮನೆಯ ಬಾಗಿಲಲ್ಲಿ ಒಬ್ಬರು ಕೂತು ಯಾರು ಎಷ್ಟು ಮುಯ್ಯಿ ಮಾಡಿದರು ಅಂತ ಬರೆದುಕೊಳ್ಳುವ ನೋಟ್‌ಬುಕ್ಕು. ಇದು 1951ರಲ್ಲಿ ಅಜ್ಜಿಯ ಮದುವೆಯದ್ದು. ಊರಿನ ಮೇಷ್ಟ್ರ ಕೈಬರಹ ಇರಬೇಕು, ಅಕ್ಷರ ಅಷ್ಟು ದುಂಡಗಿದೆ.

ಮೊದಲ ಪುಟದಲ್ಲೇ ಹೆಣ್ಣಿನ ತಂದೆ ಕೊಟ್ಟದ್ದರ ಪಟ್ಟಿ ಇತ್ತು. ಅಡ್ಡಿಕೆ ಒಂದು, ಮೂರು ತೊಲ. ಬುಗುಡಿ ಒಂದು ಜೊತೆ. ಬೆಳ್ಳಿ ಡಾಬು ಒಂದು. ಹಾಲು ಕರೆಯುವ ಹಸು ಕರು ಸಮೇತ ಒಂದು. ಹಿತ್ತಾಳೆ ಹಂಡೆ, ಎರಡು ಕೊಳಗ. ಅದರ ಕೆಳಗೆ ಗಂಡಿನ ಕಡೆಯವರು ಹೆಣ್ಣಿಗೆ ಇಟ್ಟದ್ದು: ತಾಳಿ, ಕಾಲುಂಗುರ, ಧಾರೆ ಸೀರೆ. ಆಮೇಲೆ ಎಂಟು ಪುಟ ಊರವರ ಮುಯ್ಯಿ, ಒಂದು ರೂಪಾಯಿ, ಎರಡು ರೂಪಾಯಿ.

ಆ ಅಡ್ಡಿಕೆಯನ್ನ ನಾನು ನೋಡೇ ಇಲ್ಲ. ಅದರ ಕಥೆ ಮಾತ್ರ ಕೇಳಿದ್ದೀನಿ. 1966ರ ಬರದಲ್ಲಿ ಕೆರೆ ಒಣಗಿ, ಹೊಲದಲ್ಲಿ ರಾಗಿ ಪೈರು ನಿಂತಲ್ಲೇ ಸುಟ್ಟಾಗ ಅಜ್ಜ ಬಾವಿ ತೋಡಿಸೋಕೆ ಹೊರಟರು. ದುಡ್ಡಿಲ್ಲ. ಅಡ್ಡಿಕೆಯನ್ನ ಸಾಹುಕಾರರ ಹತ್ರ ಗಿರವಿ ಇಟ್ಟರು. ಬಡ್ಡಿ ಏರಿ, ಬಿಡಿಸಿಕೊಳ್ಳೋಕಾಗದೆ ಅಡ್ಡಿಕೆ ಅಲ್ಲೇ ಉಳೀತು. ಬಾವಿಯಲ್ಲಿ ನೀರು ಬಂತು. ತೆಂಗು ಬಂತು. 1991ರಲ್ಲಿ ಅಜ್ಜ ತೀರಿಕೊಂಡ ಮೇಲೆ ಅಪ್ಪ, ಚಿಕ್ಕಪ್ಪ ಹಿರಿಯರನ್ನ ಕೂರಿಸಿ ಪಾರಿಖತ್ತು ಮಾಡಿಕೊಂಡರು. ಬಾವಿ ಇದ್ದ ಜಮೀನು ಇಬ್ಬರಿಗೂ ಸಮಪಾಲು ಆಯ್ತು. ಅಜ್ಜಿಗೆ ವರ್ಷಕ್ಕೆ ಎರಡು ಕ್ವಿಂಟಲ್ ರಾಗಿ, ಇರೋಕೆ ಒಂದು ಕೋಣೆ. ಯಾರೂ ಅನ್ಯಾಯ ಮಾಡಿದೆವು ಅಂದುಕೊಳ್ಳಲಿಲ್ಲ. ನಾನು ಪಿಯುಸಿಯಲ್ಲಿದ್ದಾಗ ಒಮ್ಮೆ ಅಜ್ಜಿಯನ್ನ ಕೇಳಿದ್ದೆ, "ಅಜ್ಜಿ, ನಿನ್ನ ಅಡ್ಡಿಕೆ ಹೋಯ್ತಲ್ಲ, ಬೇಜಾರಾಗಲಿಲ್ವಾ?" ಅಂತ. "ಬರಗಾಲ ಕಣಪ್ಪಾ, ಏನ್ಮಾಡಕ್ಕಾಯ್ತದೆ. ಆದ್ರೆ ಅದು ನಮ್ಮಪ್ಪ ನಂಗೆ ಕೊಟ್ಟಿದ್ದು" ಅಂದಿದ್ದರು.

ಅಜ್ಜಿ ಹೇಳಿದ ಆ ಎರಡು ವಾಕ್ಯದ ಸುತ್ತ ಸುಮಾರು ಎರಡು ಸಾವಿರ ವರ್ಷದಿಂದ ಜಗಳ ನಡೀತಿದೆ ಅಂತ ನಂಗೆ ಗೊತ್ತಾಗಿದ್ದು ಬಹಳ ತಡವಾಗಿ. ಒಂದು, ಅಪ್ಪ ಮಗಳಿಗೆ ಕೊಟ್ಟದ್ದು ಮಗಳದ್ದು. ಎರಡು, ಬರಗಾಲ ಬಂದ್ರೆ ಗಂಡ ಅದನ್ನ ತಗೋಬಹುದಾ? ಈ ಎರಡೂ ಪ್ರಶ್ನೆ ಯಾಜ್ಞವಲ್ಕ್ಯ ಸ್ಮೃತಿಯಲ್ಲೇ ಇವೆ. ಅದಕ್ಕೆ ಬರೆದ ವ್ಯಾಖ್ಯಾನಗಳಲ್ಲಿ ದೇಶದ ಹೆಚ್ಚಿನ ಭಾಗ ಒಪ್ಪಿಕೊಂಡ ವ್ಯಾಖ್ಯಾನ ಹುಟ್ಟಿದ್ದು ನಮ್ಮ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ.

ಆಗ ಆ ಊರಿನ ಹೆಸರು ಕಲ್ಯಾಣ. ಆಳುತ್ತಿದ್ದವನು ಚಾಲುಕ್ಯರ ಆರನೇ ವಿಕ್ರಮಾದಿತ್ಯ, 1076ರಿಂದ 1126ರವರೆಗೆ. ಅವನ ಕಾಲದಲ್ಲಿ ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಅನ್ನೋ ವ್ಯಾಖ್ಯಾನ ಬರೆದ. ಬಂಗಾಳದ ಕಡೆ ಬಿಟ್ಟು ಭಾರತದ ಉಳಿದ ಬಹುಪಾಲು ಹಿಂದೂಗಳ ಆಸ್ತಿ ಕಾನೂನಿಗೆ 1956ರವರೆಗೂ ಈ ಪುಸ್ತಕವೇ ತಳಪಾಯವಾಗಿತ್ತು.

ಮೂಲ ಸ್ಮೃತಿ ಸ್ತ್ರೀಧನ ಅಂದ್ರೆ ಏನು ಅಂತ ಒಂದು ಪಟ್ಟಿ ಕೊಡುತ್ತೆ. ತಂದೆ, ತಾಯಿ, ಗಂಡ, ಅಣ್ಣತಮ್ಮಂದಿರು ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು, ಗಂಡ ಇನ್ನೊಂದು ಮದುವೆ ಮಾಡಿಕೊಳ್ಳುವಾಗ ಮೊದಲ ಹೆಂಡತಿಗೆ ಪರಿಹಾರವಾಗಿ ಕೊಟ್ಟದ್ದು. ವಿಜ್ಞಾನೇಶ್ವರ ಓದಿದ ಪಾಠದಲ್ಲಿ ಈ ಪಟ್ಟಿಯ ಕೊನೆಗೆ 'ಆದ್ಯ' ಅಂತ ಒಂದು ಪುಟ್ಟ ಪದ ಇದೆ. ಅಂದ್ರೆ 'ಮೊದಲಾದವು', ನಮ್ಮ ಮಾತಲ್ಲಿ 'ಇತ್ಯಾದಿ'. ಬಂಗಾಳದ ಜೀಮೂತವಾಹನ ಓದಿದ ಪಾಠದಲ್ಲಿ ಆ ಪದ ಇಲ್ಲ.

ಈ ಇತ್ಯಾದಿಯನ್ನ ವಿಜ್ಞಾನೇಶ್ವರ ಸುಮ್ಮನೆ ಬಿಡಲಿಲ್ಲ. ಮೊದಲಾದವು ಅಂದ್ರೆ ಏನೇನು ಅಂತ ಐದು ದಾರಿ ಹೇಳಿದ. ಉತ್ತರಾಧಿಕಾರದಿಂದ ಬಂದದ್ದು, ಕೊಂಡದ್ದು, ಪಾಲಿನಲ್ಲಿ ಬಂದದ್ದು, ಯಾರದ್ದೂ ಅಲ್ಲದ್ದನ್ನ ಸ್ವಾಧೀನ ಮಾಡಿಕೊಂಡದ್ದು, ಸಿಕ್ಕಿದ ನಿಧಿ. ಹೀಗೆ ಹೆಂಗಸಿಗೆ ಯಾವ ದಾರಿಯಲ್ಲಿ ಬಂದರೂ ಅದು ಸ್ತ್ರೀಧನವೇ. ಸ್ತ್ರೀಧನ ಅನ್ನೋದು ವಿಶೇಷ ಅರ್ಥದ ಪಾರಿಭಾಷಿಕ ಪದ ಅಲ್ಲ, ಸ್ತ್ರೀಯ ಧನ ಅಂದ್ರೆ ಸ್ತ್ರೀಯ ಧನ, ಪದಕ್ಕೆ ನೇರ ಅರ್ಥ ಹೊಂದುವಾಗ ಬೇರೆ ಅರ್ಥ ಯಾಕೆ ಹುಡುಕಬೇಕು ಅನ್ನೋದು ಅವನ ವಾದ. ಮನು ಆರು ಬಗೆ ಅಂತ ಎಣಿಸಿದ್ದಾನಲ್ಲ ಅಂದ್ರೆ, ಆರಕ್ಕಿಂತ ಕಡಿಮೆ ಇಲ್ಲ ಅಂತ ಹೇಳೋಕೆ ಅಷ್ಟೇ, ಹೆಚ್ಚು ಇರಬಾರದು ಅಂತಲ್ಲ ಅಂದ.

ಅವನನ್ನ ಸ್ತ್ರೀವಾದಿ ಅಂತ ಕರೆಯೋಕೆ ನಾನು ಹೊರಟಿಲ್ಲ. ಅದೇ ಸ್ಮೃತಿಯಲ್ಲಿ, ಅದೇ ಭಾಗದಲ್ಲಿ ಇನ್ನೊಂದು ಮಾತೂ ಇದೆ. ನಾಲ್ಕು ಸಂದರ್ಭದಲ್ಲಿ ಗಂಡ ಸ್ತ್ರೀಧನ ತೆಗೆದುಕೊಂಡರೆ ವಾಪಸ್ ಕೊಡಬೇಕಾಗಿಲ್ಲ: ಬರಗಾಲ, ಧರ್ಮಕಾರ್ಯ, ಕಾಯಿಲೆ, ಸೆರೆ. ಮೊದಲನೆಯದೇ ಬರಗಾಲ. ನಮ್ಮಜ್ಜಿ ಸ್ಮೃತಿ ಓದಿರಲಿಲ್ಲ, ಅಕ್ಷರವೇ ಬರುತ್ತಿರಲಿಲ್ಲ. ಆದರೆ "ಬರಗಾಲ ಕಣಪ್ಪಾ" ಅಂದಾಗ ಅವರು ಆ ಸಾಲನ್ನೇ ಹೇಳಿದ ಹಾಗಿತ್ತು. ಕಾನೂನು ಪುಸ್ತಕದಿಂದ ಮನೆಗೆ ಹೀಗೇ ಇಳಿಯುತ್ತೇನೋ. ಹಕ್ಕು ಅಟ್ಟದ ಮೇಲೆ ಉಳಿಯುತ್ತೆ, ವಿನಾಯಿತಿ ಮಾತ್ರ ಎಲ್ಲರಿಗೂ ಬಾಯಿಪಾಠ ಆಗಿರುತ್ತೆ.

ಇನ್ನೊಂದು ಸ್ಮೃತಿಕಾರ ಕಾತ್ಯಾಯನ. ಹೆಂಗಸು ಕೈಕಸುಬಿನಿಂದ ದುಡಿದದ್ದು, ಹೊರಗಿನವರು ಪ್ರೀತಿಯಿಂದ ಕೊಟ್ಟದ್ದು, ಇವೆರಡರ ಮೇಲೆ ಗಂಡನ ಅಧಿಕಾರ ಇರುತ್ತೆ ಅಂದ. ಅಂದ್ರೆ ತವರಿನ ಒಡವೆ ಅವಳದ್ದು, ಆದರೆ ನೂಲು ತೆಗೆದು ಸಂಪಾದಿಸಿದ ಕಾಸಿನ ಮೇಲೆ ಗಂಡನ ಹಿಡಿತ. ನಮ್ಮ ಆಫೀಸುಗಳಲ್ಲಿ ಇವತ್ತಿಗೂ ಹೆಂಡತಿಯ ಸಂಬಳ ಯಾವ ಅಕೌಂಟಿಗೆ ಹೋಗಬೇಕು ಅಂತ ಗಂಡ ನಿರ್ಧಾರ ಮಾಡೋ ಮನೆಗಳನ್ನ ನೋಡಿದ್ದೀನಿ. ಅವರಾರೂ ಕಾತ್ಯಾಯನನನ್ನ ಓದಿಲ್ಲ.

ಇಲ್ಲಿಂದ ಕಥೆ ಲಂಡನ್ನಿಗೆ ಹೋಗುತ್ತೆ. 1810ರಲ್ಲಿ ಕೋಲ್‌ಬ್ರೂಕ್ ಅನ್ನೋ ಕಂಪನಿ ಅಧಿಕಾರಿ ಮಿತಾಕ್ಷರಾದ ದಾಯಭಾಗದ ಅಧ್ಯಾಯವನ್ನ ಇಂಗ್ಲಿಷಿಗೆ ತಂದ. ಅಲ್ಲಿಂದ ಮುಂದೆ ಸಂಸ್ಕೃತ ಬಾರದ ಜಡ್ಜುಗಳು ಆ ಅನುವಾದ ಹಿಡಿದು ತೀರ್ಪು ಕೊಡತೊಡಗಿದರು. ಆಗಿನ ಅಂತಿಮ ನ್ಯಾಯಾಲಯ ಲಂಡನ್ನಿನ ಪ್ರಿವಿ ಕೌನ್ಸಿಲ್. 1867ರಲ್ಲಿ ಭಗವಾನ್‌ದೀನ್ ದುಬೆ ಪ್ರಕರಣದಲ್ಲಿ ಅದರ ಮುಂದೆ ಬಂದ ಪ್ರಶ್ನೆ: ಗಂಡ ಸತ್ತ ಮೇಲೆ ವಿಧವೆಗೆ ಬಂದ ಅವನ ಆಸ್ತಿ ಸ್ತ್ರೀಧನವೋ ಅಲ್ಲವೋ? ವಿಜ್ಞಾನೇಶ್ವರನ ಪ್ರಕಾರ ಉತ್ತರಾಧಿಕಾರದಿಂದ ಬಂದದ್ದೂ ಸ್ತ್ರೀಧನ. ಪ್ರಿವಿ ಕೌನ್ಸಿಲ್ ಅಲ್ಲ ಅಂತು. ಅವಳು ಬದುಕಿರೋವರೆಗೆ ಅನುಭವಿಸಬಹುದು, ಅವಳ ನಂತರ ಅದು ಅವಳ ವಾರಸುದಾರರಿಗಲ್ಲ, ಗಂಡನ ವಾರಸುದಾರರಿಗೆ ಹೋಗಬೇಕು. ಇದಕ್ಕೆ ಸೀಮಿತ ಹಕ್ಕು ಅಂತ ಹೆಸರಾಯ್ತು. ಆಮೇಲೆ 1878ರಲ್ಲಿ ತಂದೆಯಿಂದ ಮಗಳಿಗೆ ಬಂದದ್ದೂ ಹಾಗೇ ಅಂದರು. 1903ರಲ್ಲಿ ತಾಯಿಯ ಸ್ತ್ರೀಧನ ಮಗಳಿಗೆ ಬಂದರೆ ಅದೂ ಮಗಳ ಸ್ತ್ರೀಧನ ಅಲ್ಲ ಅಂದರು.

ಮೂರು ತೀರ್ಪುಗಳಲ್ಲಿ ಕಲ್ಯಾಣದ 'ಇತ್ಯಾದಿ' ಕರಗಿಹೋಯ್ತು. ಉಳಿದದ್ದು ಹೆಚ್ಚಾಗಿ ಒಡವೆ, ಬಟ್ಟೆ, ಉಡುಗೊರೆ. ನಾವು ಇವತ್ತು ಸ್ತ್ರೀಧನ ಅಂದ್ರೆ ಬರೀ ಚಿನ್ನ ಅಂತ ಅಂದುಕೊಳ್ಳೋದಕ್ಕೆ ಈ ಇತಿಹಾಸವೂ ಒಂದು ಕಾರಣ. ಒಂದೇ ಒಂದು ಕಡೆ ಸ್ವಲ್ಪ ಉಳಿದುಕೊಂಡಿತು. ಬಾಂಬೆ ಪ್ರಾಂತ್ಯದ ಕೋರ್ಟುಗಳು ಮಗಳಿಗೆ ತಂದೆಯಿಂದ ಬಂದ ಆಸ್ತಿ ಅವಳದ್ದೇ ಪೂರ್ತಿ ಅಂತ ಒಪ್ಪುತ್ತಿದ್ದವು. ಧಾರವಾಡ, ಬೆಳಗಾವಿ ಆಗ ಬಾಂಬೆ ಪ್ರಾಂತ್ಯ. ಬಳ್ಳಾರಿ ಮದ್ರಾಸ್ ಪ್ರಾಂತ್ಯ. ಹಾಗಾಗಿ ಒಂದೇ ಭಾಷೆ ಮಾತಾಡೋ ಇಬ್ಬರು ಹೆಣ್ಣುಮಕ್ಕಳಿಗೆ ಅಪ್ಪನಿಂದ ಒಂದೇ ಥರದ ಹೊಲ ಬಂದ್ರೂ ಧಾರವಾಡದವಳು ಅದನ್ನ ಮಾರಬಹುದಿತ್ತು, ಬಳ್ಳಾರಿಯವಳು ಅಷ್ಟು ಸುಲಭವಾಗಿ ಮಾರುವ ಹಾಗಿರಲಿಲ್ಲ.

ಮೈಸೂರು ಸಂಸ್ಥಾನ ಬೇರೆ ದಾರಿ ಹಿಡೀತು. ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿದ್ದ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದ ಕಾಲದಲ್ಲಿ, 1933ರಲ್ಲಿ, ಹಿಂದೂ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂತು. ಅದರ ಹತ್ತನೇ ಸೆಕ್ಷನ್ನು ಸ್ತ್ರೀಧನಕ್ಕೆ ಮತ್ತೆ ಅಗಲವಾದ ಅರ್ಥ ಕೊಟ್ಟಿತು. ಒಡವೆ ಬಟ್ಟೆ ಮಾತ್ರ ಅಲ್ಲ, ಯಾರೇ ಯಾವಾಗಲೇ ಕೊಟ್ಟ ಉಡುಗೊರೆ, ತನ್ನ ದುಡಿಮೆಯಿಂದ ಗಳಿಸಿದ್ದು, ಕೊಂಡದ್ದು, ಇನ್ನೊಬ್ಬ ಹೆಂಗಸಿನಿಂದ ಉತ್ತರಾಧಿಕಾರವಾಗಿ ಬಂದದ್ದು, ಎಲ್ಲಾ ಸೇರಿತು. ಬ್ರಿಟಿಷ್ ಭಾರತದಲ್ಲಿ ವಿಧವೆಗೆ ಗಂಡನ ಆಸ್ತಿಯಲ್ಲಿ ಮಗನಷ್ಟೇ ಪಾಲು ಕೊಡುವ ಕಾಯ್ದೆ ಬಂದದ್ದು 1937ರಲ್ಲಿ, ಅದೂ ಸೀಮಿತ ಹಕ್ಕಾಗಿ. ನಮ್ಮಜ್ಜಿ 1951ರಲ್ಲಿ ಮದುವೆಯಾಗಿ ಅಡ್ಡಿಕೆ ಹಾಕಿಕೊಂಡು ಬಂದಾಗ ಮೈಸೂರಿನ ಆ ಕಾಯ್ದೆ ಜಾರಿಯಲ್ಲಿತ್ತು. ಮುಯ್ಯಿ ಪುಸ್ತಕ ಬರೆದ ಮೇಷ್ಟ್ರಿಗೂ ಅದು ಗೊತ್ತಿತ್ತೋ ಇಲ್ಲವೋ.

ಆಮೇಲೆ 17 ಜೂನ್ 1956. ಹಿಂದೂ ಉತ್ತರಾಧಿಕಾರ ಕಾಯ್ದೆ. ಇದರ 14ನೇ ಸೆಕ್ಷನ್ನನ್ನ ಯಾರಾದ್ರೂ ಒಮ್ಮೆ ಓದಬೇಕು. ಹಿಂದೂ ಹೆಂಗಸಿನ ವಶದಲ್ಲಿರುವ ಯಾವುದೇ ಆಸ್ತಿ, ಕಾಯ್ದೆ ಬರೋ ಮೊದಲು ಬಂದದ್ದಾಗಲಿ ಆಮೇಲೆ ಬಂದದ್ದಾಗಲಿ, ಅವಳು ಅದರ ಪೂರ್ಣ ಮಾಲೀಕಳು, ಸೀಮಿತ ಮಾಲೀಕಳಲ್ಲ ಅನ್ನುತ್ತೆ. ಆಮೇಲೆ ವಿವರಣೆ: ಉತ್ತರಾಧಿಕಾರ, ಪಾಲು, ಜೀವನಾಂಶ, ಮದುವೆಗೆ ಮೊದಲು, ಮದುವೆಯಲ್ಲಿ ಅಥವಾ ಆಮೇಲೆ ಯಾರೇ ಕೊಟ್ಟ ಉಡುಗೊರೆ, ಸ್ವಂತ ದುಡಿಮೆ, ಖರೀದಿ, ಕೊನೆಗೆ 'ಬೇರೆ ಯಾವುದೇ ರೀತಿಯಲ್ಲಿ' ಬಂದದ್ದು. ವಿಜ್ಞಾನೇಶ್ವರನ ಇತ್ಯಾದಿ ಎಂಟುನೂರು ಚಿಲ್ಲರೆ ವರ್ಷ ಆದ ಮೇಲೆ ಪಾರ್ಲಿಮೆಂಟಿನ ಬಾಗಿಲಿಂದ ವಾಪಸ್ ಬಂತು. ಕಾತ್ಯಾಯನ ಗಂಡನಿಗೆ ಕೊಟ್ಟಿದ್ದ ಹಿಡಿತವೂ ಅಲ್ಲಿಗೆ ಮುಗೀತು. ಒಂದು ಮಿತಿ ಇದೆ. ದಾನಪತ್ರ ಅಥವಾ ಉಯಿಲು ಬರೆದವರು 'ಜೀವಿತಕಾಲದವರೆಗೆ ಮಾತ್ರ' ಅಂತ ಷರತ್ತು ಹಾಕಿಯೇ ಹೊಸದಾಗಿ ಕೊಟ್ಟಿದ್ದರೆ ಆ ಷರತ್ತು ನಿಲ್ಲುತ್ತೆ.

ಹಾಗಾದ್ರೆ 1966ರಲ್ಲಿ ಅಡ್ಡಿಕೆ ಕಾನೂನಿನ ಲೆಕ್ಕದಲ್ಲಿ ಸ್ಪಷ್ಟವಾಗಿ ಅಜ್ಜಿಯದ್ದು. 1991ರಲ್ಲಿ ಅಜ್ಜ ಉಯಿಲು ಬರೆಯದೇ ತೀರಿಕೊಂಡಾಗ ಅಜ್ಜನ ಪಾಲಿನಲ್ಲೂ ಅಜ್ಜಿಗೆ ಒಬ್ಬೊಬ್ಬ ಮಗನಷ್ಟೇ ಪಾಲು ಇತ್ತು. ಎರಡು ಕ್ವಿಂಟಲ್ ರಾಗಿ ಅನ್ನೋದು ಊರಿನ ಹಿರಿಯರ ಲೆಕ್ಕ, ಕಾನೂನಿನದ್ದಲ್ಲ.

ಹಕ್ಕು ಇದ್ದರೂ ವಾಪಸ್ ಪಡೆಯೋದು ಹೇಗೆ ಅನ್ನೋದು ಬೇರೆಯೇ ಪ್ರಶ್ನೆ. ಒಡವೆ ಇರೋದು ಗಂಡನ ಮನೆಯ ಬೀರುವಿನಲ್ಲಿ, ಬೀಗದ ಕೈ ಅತ್ತೆಯ ಸೊಂಟದಲ್ಲಿ. 1982ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು, ಹೆಂಡತಿ ಗಂಡನ ಮನೆಗೆ ಕಾಲಿಟ್ಟ ಮೇಲೆ ಅವಳ ವಸ್ತುಗಳು ಇಬ್ಬರ ಜಂಟಿ ವಶದಲ್ಲಿರುತ್ತವೆ, ಹಾಗಾಗಿ ಅವನ್ನ ಗಂಡನ ಕೈಗೆ 'ನಂಬಿ ಒಪ್ಪಿಸಿದಳು' ಅಂತ ಸಾಮಾನ್ಯವಾಗಿ ಹೇಳೋಕಾಗಲ್ಲ ಅಂದಿತ್ತು. ನಂಬಿಕೆ ದ್ರೋಹದ ಕೇಸು ನಿಲ್ಲಬೇಕಾದ್ರೆ ನಂಬಿ ಒಪ್ಪಿಸಿರಬೇಕು. ಆ ಮೆಟ್ಟಿಲೇ ಮುರಿದ ಹಾಗಾಯ್ತು.

ಅದನ್ನ ಸರಿಮಾಡಿದ್ದು 12 ಮಾರ್ಚ್ 1985ರ ಪ್ರತಿಭಾ ರಾಣಿ ಪ್ರಕರಣ. ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳಲ್ಲಿ ಇಬ್ಬರು, ಫಜಲ್ ಅಲಿ ಮತ್ತು ಸವ್ಯಸಾಚಿ ಮುಖರ್ಜಿ, ಜಂಟಿ ವಶದ ಈ ವಾದವನ್ನ ತಳ್ಳಿಹಾಕಿದರು. ವರದರಾಜನ್ ಅವರು ಒಪ್ಪಲಿಲ್ಲ. ಬಹುಮತ ಹೇಳಿದ್ದರ ಸಾರ ಇಷ್ಟು: ಸ್ತ್ರೀಧನ ಪೂರ್ತಿ ಹೆಂಡತಿಯದ್ದು. ಗಂಡನ ಮನೆಯಲ್ಲಿ ಇಟ್ಟ ಮಾತ್ರಕ್ಕೆ ಗಂಡ ಪಾಲುದಾರ ಆಗಲ್ಲ, ಹೆಚ್ಚೆಂದರೆ ಕಾವಲುಗಾರ. ಕೇಳಿದಾಗ ಕೊಡದೇ ಹೋದ್ರೆ ಅದು ನಂಬಿಕೆ ದ್ರೋಹದ ಅಪರಾಧ. ಆಗ ಐಪಿಸಿ 406, ಜುಲೈ 2024ರಿಂದ ಭಾರತೀಯ ನ್ಯಾಯ ಸಂಹಿತೆಯ 316.

ಇಲ್ಲಿ ಬರಗಾಲದ ಪ್ರಶ್ನೆಗೂ ಉತ್ತರ ಬದಲಾಯ್ತು. 1997ರಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಪ್ರಕರಣದಲ್ಲಿ, ಗಂಡ ಕಷ್ಟಕಾಲದಲ್ಲಿ ಸ್ತ್ರೀಧನ ಬಳಸಬಹುದು, ಆದರೂ ಅದನ್ನ ಅಥವಾ ಅದರ ಬೆಲೆಯನ್ನ ವಾಪಸ್ ಕೊಡುವ ನೈತಿಕ ಹೊಣೆ ಅವನ ಮೇಲಿದೆ ಅಂದಿತು. ಸ್ಮೃತಿ 'ಕೊಡಬೇಕಾಗಿಲ್ಲ' ಅಂದಿದ್ದ ಜಾಗದಲ್ಲಿ ಕೋರ್ಟು 'ಕೊಡಬೇಕು' ಅಂತ ಬರೀತು. ನಮ್ಮಜ್ಜನ ಕಡೆ ನಿಂತು ವಾದ ಮಾಡೋರಿಗೆ ಈ ಒಂದು ಪದದ ತಿದ್ದುಪಡಿ ಮುಖ್ಯ.

ಈಗ ನನ್ನ ವಿಷಯಕ್ಕೆ ಬರ್ತೀನಿ. 2019ರಲ್ಲಿ ಬೆಂಗಳೂರಲ್ಲಿ ಒಂದು ಎರಡು ಬೆಡ್‌ರೂಮಿನ ಫ್ಲಾಟು ತಗೊಂಡೆ. ಡೌನ್ ಪೇಮೆಂಟಿಗೆ ನಾಲ್ಕು ಲಕ್ಷ ಕಡಿಮೆ ಬಿತ್ತು. ಹೆಂಡತಿಯೇ "ಒಡವೆ ಇದೆಯಲ್ಲ ರೀ, ಬ್ಯಾಂಕಲ್ಲಿಟ್ಟು ತಗೊಳ್ಳಿ" ಅಂದಳು. ಅವಳ 160 ಗ್ರಾಂ ಇಟ್ಟು ಮೂರೂವರೆ ಲಕ್ಷ ಸಾಲ ತಗೊಂಡೆ, ನನ್ನ ಹೆಸರಲ್ಲಿ. ಒಂದೂವರೆ ವರ್ಷದಲ್ಲಿ ಬಿಡಿಸಿದೆ. ಆಮೇಲೆ ಅಡುಗೆಮನೆಯ ಮರಗೆಲಸಕ್ಕೆ ಅಂತ ಅವಳ ತಾಯಿ ಕೊಟ್ಟಿದ್ದ 40 ಗ್ರಾಮಿನ ಕಾಸಿನ ಸರ ಮಾರಿದೆವು. ಫ್ಲಾಟಿನ ನೋಂದಣಿ ನನ್ನ ಒಬ್ಬನ ಹೆಸರಲ್ಲಿ ಆಗಿದೆ. ಖರ್ಚಿನ ಲೆಕ್ಕ ಇಟ್ಟ ನನ್ನ ಎಕ್ಸೆಲ್ ಶೀಟಿನಲ್ಲಿ ಆ ಸರದ ದುಡ್ಡು 'ಸ್ವಂತ ಹಣ' ಅನ್ನೋ ಕಾಲಮ್ಮಿನಲ್ಲಿದೆ.

ಮುಯ್ಯಿ ಪುಸ್ತಕ ನೋಡಿದ ಮೇಲೆ ಆ ಶೀಟು ತೆಗೆದು ನೋಡಿದೆ. ಅಜ್ಜನಿಗೆ ಬರಗಾಲ ಅನ್ನೋ ನೆಪವಾದ್ರೂ ಇತ್ತು. ನನಗೆ ಮಾಡ್ಯುಲರ್ ಕಿಚನ್ನು. ಅಡ್ಡಿಕೆ ಬಾವಿಯಾಗಿ, ಬಾವಿ ಗಂಡುಮಕ್ಕಳ ಜಮೀನಾದ ದಾರಿಯಲ್ಲೇ ಕಾಸಿನ ಸರ ಅಡುಗೆಮನೆಯಾಗಿ, ಅಡುಗೆಮನೆ ನನ್ನ ಹೆಸರಿನ ಫ್ಲಾಟಾಗಿದೆ. ಯಾರೂ ಕಿತ್ತುಕೊಂಡಿಲ್ಲ, ಯಾರೂ ಅತ್ತಿಲ್ಲ. ಒಂದು ರೂಪದಲ್ಲಿ ಅವಳದ್ದಾಗಿದ್ದದ್ದು ಇನ್ನೊಂದು ರೂಪಕ್ಕೆ ಬದಲಾಗುವಾಗ ಹೆಸರು ಮಾತ್ರ ಬದಲಾಯ್ತು.

ಕಾನೂನಿನಲ್ಲಿ ಇದು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೆ ನೋಡಿ. ಸರ ಅವಳ ಸ್ತ್ರೀಧನ, ಅದರಲ್ಲಿ ಅನುಮಾನ ಇಲ್ಲ. ಆದರೆ ಮಾರಿ ಬಂದ ದುಡ್ಡನ್ನ ಅವಳು ನನಗೆ ಕೊಟ್ಟಳಾ, ಸಾಲ ಕೊಟ್ಟಳಾ, ಅಥವಾ ನನ್ನ ಕೈಯಲ್ಲಿ ಇಟ್ಟಿರೋಕೆ ಕೊಟ್ಟಳಾ? ಪೂರ್ಣ ಮಾಲೀಕಳಾದ ಮೇಲೆ ದಾನ ಮಾಡುವ ಹಕ್ಕೂ ಅವಳಿಗಿದೆ. ನಾಳೆ ನಾನು ಕೆಟ್ಟವನಾದರೆ "ಅವಳೇ ಖುಷಿಯಿಂದ ಕೊಟ್ಟಳು" ಅಂತೀನಿ. ಅವಳು "ಕಷ್ಟಕ್ಕೆ ಅಂತ ಕೊಟ್ಟೆ, ವಾಪಸ್ ಕೊಡ್ತಾರೆ ಅಂತ" ಅಂತಾಳೆ. ಕಾಗದ ಯಾವುದೂ ಇಲ್ಲ.

ಇದಕ್ಕೆ ಹತ್ತಿರದ ಒಂದು ಪ್ರಕರಣ ಏಪ್ರಿಲ್ 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಯ್ತು. ಕೇರಳದ ಹೆಣ್ಣುಮಗಳು, 2003ರಲ್ಲಿ ಮದುವೆ. ತವರಿನವರು 89 ಪವನ್ ಚಿನ್ನ ಹಾಕಿದ್ದರು. ಪವನ್‌ಗೆ ಎಂಟು ಗ್ರಾಂ, ಅಂದ್ರೆ 712 ಗ್ರಾಂ. ಮೊದಲ ರಾತ್ರಿಯೇ ಗಂಡ ಅದನ್ನ ಜೋಪಾನ ಮಾಡೋಕೆ ಅಂತ ತಗೊಂಡು ತಾಯಿಯ ಕೈಗೆ ಕೊಟ್ಟ, ಆಮೇಲೆ ಅವರು ಅದನ್ನ ತಮ್ಮ ಸಾಲ ತೀರಿಸೋಕೆ ಬಳಸಿಕೊಂಡರು ಅನ್ನೋದು ಅವಳ ದೂರು. ಕುಟುಂಬ ನ್ಯಾಯಾಲಯ 2011ರಲ್ಲಿ ಅವಳ ಕಡೆ ತೀರ್ಪು ಕೊಟ್ಟಿತು. ಹೈಕೋರ್ಟು ಸಾಕ್ಷ್ಯ ಸಾಲದು ಅಂತು. ಸುಪ್ರೀಂ ಕೋರ್ಟು ಹೇಳಿದ್ದು: ಇಂಥ ಸಿವಿಲ್ ವಿವಾದದಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆ ಇಲ್ಲದ ಪುರಾವೆ ಕೇಳಬಾರದು, ಯಾವ ಕಡೆಯ ಮಾತು ಹೆಚ್ಚು ಸಂಭವ ಅಂತ ನೋಡಬೇಕು. ಸ್ತ್ರೀಧನ ಗಂಡ ಹೆಂಡಿರ ಜಂಟಿ ಆಸ್ತಿ ಅಲ್ಲ. ಅವಳಿಗೆ 25 ಲಕ್ಷ ಕೊಡಬೇಕು ಅಂತ ಆದೇಶ ಆಯ್ತು. ಆ ತಿಂಗಳ ಪೇಟೆ ದರದಲ್ಲಿ 712 ಗ್ರಾಮಿಗೆ ಇದು ಹೆಚ್ಚುಕಡಿಮೆ ಅರ್ಧ ಬೆಲೆ. ಗೆದ್ದರೂ ಇಪ್ಪತ್ತೊಂದು ವರ್ಷ, ಅರ್ಧ ಚಿನ್ನ.

ಕೋರ್ಟಿನಲ್ಲಿ ಸಾಮಾನ್ಯವಾಗಿ ಕೇಸು ಸೊರಗೋದು ಇಂಥ ಕಡೆಗಳಲ್ಲೇ. ಚಿನ್ನ ಯಾರದ್ದು ಅನ್ನೋದರ ಮೇಲೆ ಜಗಳ ಇರಲ್ಲ. ಅಷ್ಟು ಚಿನ್ನ ಇತ್ತಾ, ಯಾರು ಕೊಟ್ಟರು, ಯಾರ ಕೈಗೆ ಹೋಯ್ತು ಅನ್ನೋದರ ಮೇಲೆ. ಇದಕ್ಕೆ 1985ರಲ್ಲೇ ಒಂದು ನಿಯಮ ಮಾಡಿದ್ದಾರೆ, ವರದಕ್ಷಿಣೆ ನಿಷೇಧ ಕಾಯ್ದೆಯ ಅಡಿಯಲ್ಲಿ. ಮದುವೆಯ ಸಮಯದಲ್ಲಿ ಅಥವಾ ಆದಷ್ಟು ಬೇಗ ವಧುವಿಗೆ ಬಂದದ್ದರ ಪಟ್ಟಿ ವಧು, ವರನಿಗೆ ಬಂದದ್ದರ ಪಟ್ಟಿ ವರ ಇಟ್ಟುಕೊಳ್ಳಬೇಕು. ಪ್ರತಿಯೊಂದು ವಸ್ತುವಿನ ಚಿಕ್ಕ ವಿವರ, ಅಂದಾಜು ಬೆಲೆ, ಕೊಟ್ಟವರ ಹೆಸರು, ಅವರು ಏನಾಗಬೇಕು ಅನ್ನೋದು ಇರಬೇಕು. ವಧು ವರ ಇಬ್ಬರೂ ಸಹಿ ಹಾಕಬೇಕು. ನಾನು ಹೋದ ಯಾವ ಮದುವೆಯಲ್ಲೂ ಇದನ್ನ ಮಾಡಿದ್ದು ನೋಡಿಲ್ಲ. ಆದರೆ ಇದು ನಮ್ಮ ಮುಯ್ಯಿ ಪುಸ್ತಕವೇ ಅಲ್ವಾ? ಸಹಿ ಒಂದು ಸೇರಿಸಿದರೆ ಆಯ್ತು. ಹಳ್ಳಿಯಲ್ಲಿ ಅದನ್ನ ತಿರುಗಿ ಮುಯ್ಯಿ ಮಾಡಬೇಕಲ್ಲ ಅಂತ ಬರೆದಿಡುತ್ತಿದ್ದರು. ಬೆಂಗಳೂರಿಗೆ ಬಂದು ಕವರು, ಯುಪಿಐ ಆದ ಮೇಲೆ ಅದೂ ಹೋಯ್ತು.

ಪಟ್ಟಿ ಮಾಡುವಾಗ ಒಂದೆರಡು ಕಡೆ ಜನ ತಪ್ಪುತ್ತಾರೆ. ಗಂಡಿನ ಮನೆಯವರು ಹಾಕಿದ ತಾಳಿ, ಬಳೆ, ಸರ ಅವರದ್ದು ಅಂದುಕೊಳ್ಳೋದು ತಪ್ಪು. ಹೆಣ್ಣಿಗೆ ಅಂತ ಕೊಟ್ಟ ಮೇಲೆ ಅದು ಅವಳದ್ದೇ, ಯಾಜ್ಞವಲ್ಕ್ಯನ ಪಟ್ಟಿಯಲ್ಲೇ ಗಂಡ ಕೊಟ್ಟದ್ದೂ ಇದೆ. ಆದರೆ ಅತ್ತೆ ತನ್ನ ಹಳೇ ಸರವನ್ನ ಹಬ್ಬಕ್ಕೆ ಹಾಕ್ಕೋ ಅಂತ ಕೊಟ್ಟು, ಸಂಜೆ ಬೀರುವಿಗೆ ವಾಪಸ್ ಇಡಿಸಿಕೊಂಡರೆ ಅದು ಉಡುಗೊರೆ ಅಲ್ಲ. ವರನಿಗೆ ಪ್ರೀತಿಯಿಂದ ಕೊಟ್ಟ ವಾಚು, ಉಂಗುರ ವರನದ್ದು. ಅದೇ ಕಾರೋ ಕಾಸೋ ಕೇಳಿ ತಗೊಂಡಿದ್ದರೆ ಅದು ವರದಕ್ಷಿಣೆ. ಕೊಡೋದು ತಗೊಳ್ಳೋದು ಎರಡೂ ಅಪರಾಧ, ಆದರೂ ತಗೊಂಡವರು ಅದನ್ನ ಮೂರು ತಿಂಗಳೊಳಗೆ ಆ ಹೆಣ್ಣಿಗೇ ವರ್ಗಾಯಿಸಬೇಕು ಅನ್ನುತ್ತೆ ಕಾಯ್ದೆಯ ಆರನೇ ಸೆಕ್ಷನ್ನು. ಗಂಡನ ಸಂಬಳ, ಗಂಡ ತನ್ನ ಹೆಸರಲ್ಲಿ ಕೊಂಡ ಮನೆ ಸ್ತ್ರೀಧನ ಆಗಲ್ಲ. ನಮ್ಮಲ್ಲಿ ಮದುವೆಯಾದ ಮಾತ್ರಕ್ಕೆ ಅರ್ಧ ಆಸ್ತಿ ಹೆಂಡತಿಯದ್ದು ಅನ್ನೋ ಕಾನೂನು ಇಲ್ಲ. ಅದಕ್ಕೇ ಚಿನ್ನ ಫ್ಲಾಟಾಗಿ ಬದಲಾಗುವ ಗಳಿಗೆ ಇಷ್ಟು ಮುಖ್ಯ.

ಇನ್ನೊಂದು ತಪ್ಪು ತವರಿನ ಕಡೆಯಿಂದ. "ನಾವು ಹಾಕಿದ ಚಿನ್ನ, ನಾವೇ ವಾಪಸ್ ಕೇಳ್ತೀವಿ" ಅನ್ನೋರು ಇದ್ದಾರೆ. ತೆಲಂಗಾಣದ ಒಬ್ಬ ತಂದೆ ಮಗಳ ವಿಚ್ಛೇದನ ಆಗಿ ವರ್ಷಗಳ ನಂತರ ಹಳೇ ಬೀಗರ ಮೇಲೆ ಕೇಸು ಹಾಕಿದ್ದರು. ಆಗಸ್ಟ್ 2024ರಲ್ಲಿ ಸುಪ್ರೀಂ ಕೋರ್ಟು, ಮಗಳು ಬದುಕಿದ್ದಾಳೆ, ತನ್ನ ನಿರ್ಧಾರ ತಾನು ಮಾಡಬಲ್ಲಳು, ಅವಳು ಅಧಿಕಾರ ಕೊಡದೇ ತಂದೆಗೂ ಕೇಳುವ ಹಕ್ಕಿಲ್ಲ ಅಂತು. ಅಪ್ಪ ಕೊಟ್ಟದ್ದು ಅಂದ ಮೇಲೆ ಕೊಟ್ಟಾಯ್ತು. "ನಮ್ಮಪ್ಪ ನಂಗೆ ಕೊಟ್ಟಿದ್ದು" ಅನ್ನೋ ವಾಕ್ಯದಲ್ಲಿ ತೂಕ ಇರೋದು 'ನಮ್ಮಪ್ಪ' ಅನ್ನೋದರ ಮೇಲಲ್ಲ, 'ನಂಗೆ' ಅನ್ನೋದರ ಮೇಲೆ.

ನಾನು ಮಾಡಿದ್ದು ದೊಡ್ಡದೇನಲ್ಲ. ಒಂದು ಭಾನುವಾರ ನಾವಿಬ್ಬರೂ ಕೂತು ಪಟ್ಟಿ ಮಾಡಿದೆವು. ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು, ಈಗ ಎಲ್ಲಿದೆ. ಮದುವೆ ಫೋಟೋ ಪಕ್ಕದಲ್ಲಿಟ್ಟುಕೊಂಡು, ಅಂಗಡಿ ಬಿಲ್ಲು ಸಿಕ್ಕಷ್ಟು ಹುಡುಕಿ. ಮಾರಿದ ಕಾಸಿನ ಸರದ ಮುಂದೆ, 40 ಗ್ರಾಂ ನಾನು ಅವಳಿಗೆ ಕೊಡಬೇಕು ಅಂತ ಬರೆದು ಸಹಿ ಹಾಕಿದೆ. ರೂಪಾಯಿ ಅಂತ ಬರೆಯಲಿಲ್ಲ, ಗ್ರಾಂ ಅಂತ ಬರೆದೆ, ಯಾಕಂದ್ರೆ ಆವತ್ತು ಮಾರಿದ ದುಡ್ಡಿಗೆ ಇವತ್ತು ಅದರ ಅರ್ಧ ಸರವೂ ಬರಲ್ಲ. ಅವಳು ನಕ್ಕು, "ಇದೆಲ್ಲಾ ಯಾಕ್ರೀ, ನಾನೇನು ಬಿಟ್ಟು ಹೋಗ್ತೀನಾ?" ಅಂದಳು. ಅಜ್ಜಿಯೂ ಬಿಟ್ಟು ಹೋಗಿರಲಿಲ್ಲ ಅಂದೆ. ಅವಳು ಏನೂ ಮಾತಾಡಲಿಲ್ಲ. ಹಾಳೆಯನ್ನ ಇನ್ನೊಂದು ಸಲ ಓದಿ, ಬುಗುಡಿ ಬಿಟ್ಟುಹೋಗಿದೆ ಅಂದಳು. ಅಜ್ಜಿ ಸಾಯೋ ಹಿಂದಿನ ವರ್ಷ ಅವಳ ಕೈಗೆ ಕೊಟ್ಟಿದ್ದ ಬುಗುಡಿ. ಅದನ್ನೂ ಸೇರಿಸಿದೆವು.